ಅಕ್ಕನಿಗೆ ನಾನು ಕೊಟ್ಟ ಕಬ್ಬಿಣದ ಗುಳಿಗೆ

ಉಣಕಲ್‌ನಲ್ಲಿ ನನ್ನದೊಂದು ಔಷಧ ಅಂಗಡಿ. ಇಪ್ಪತ್ತು ವರ್ಷ ಕೌಂಟರಿನ ಹಿಂದೆ ನಿಂತು ನಿಂತು ಸೊಕ್ಕು ನೆತ್ತಿಗೇರಿತ್ತು. ಗಿರಾಕಿ ಬಾಯಿ ತೆರೆಯುವುದರೊಳಗೆ ಗುಳಿಗೆ ಕತ್ತರಿಸಿ ಕೈಗಿಡುತ್ತಿದ್ದೆ.

ಒಂದು ಬೆಳಿಗ್ಗೆ ಹೆಬ್ಬಳ್ಳಿಯಿಂದ ಅಕ್ಕ ಬಂದಳು. ಐವತ್ಮೂರು ವರ್ಷ, ಮುಟ್ಟು ನಿಂತು ಮೂರು ವರ್ಷವಾಗಿತ್ತು. ಸೆರಗು ಸರಿಸಿ ನಿಂಬೆಹಣ್ಣಿನಷ್ಟಾಗಿದ್ದ ತುರುಬು ತೋರಿಸಿದಳು.

"ಕೂದಲಾ ಭಾಳ ಉದರಾಕತ್ತಾವ ತಮ್ಮಾ. ನಾಕ ಮೆಟ್ಲಾ ಹತ್ತಿದ್ರ ತೇಕು ಹತ್ತತೈತಿ."

ನಾನು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ದೊಡ್ಡ ಡಾಕ್ಟರನ ಹಾಗೆ. "ರಕ್ತ ಕಡಿಮಿ ಆಗೈತಿ, ಅಷ್ಟ."

"ತಪಾಸ್ ಮಾಡಸ್ಲೇನು?"

ಲ್ಯಾಬ್ ರಸ್ತೆಯಾಚೆಗೇ ಇತ್ತು. "ಏ, ಏನ್ ಬ್ಯಾಡ ತಗಿ! ನಾ ಇದ್ದೇನಲ್ಲಾ? ಸುಮ್ನ ಯಾಕ ಸೂಜಿ ಚುಚ್ಚಿಸ್ಕೋತಿ?"

ಕಬ್ಬಿಣದ ಗುಳಿಗೆ ಕೊಟ್ಟು ಕಳಿಸಿದೆ. ತಿಂಗಳಾದ ಮೇಲೆ ಫೋನ್ ಮಾಡಿದಳು. ಮಲ ಕರ್ರಗೆ, ಡಾಂಬರಿನಂತೆ ಅಂಟಂಟಾಗಿದೆ, ವಿಪರೀತ ನಾರುತ್ತದೆ ಎಂದು ನಾಚಿಕೊಂಡು ಹೇಳಿದಳು. "ಈ ಗುಳಿಗಿ ತಗೊಂಡ್ರ ಕರ್ರಗ ಆಗೂದ" ಎಂದು ನಕ್ಕುಬಿಟ್ಟೆ. ಕಪ್ಪಾಗುವುದೇನೋ ಖರೆ. ಆದರೆ ಆ ಅಂಟು, ಆ ನಾತ ಗುಳಿಗೆಯದಲ್ಲ, ಒಳಗೆ ಸುರಿದ ರಕ್ತದ್ದು. ಓದಿದವನಿಗೆ ಇದು ಗೊತ್ತಿರಬೇಡವೇ? ಥೂ ನನ್ನ ಜನ್ಮಕ್ಕೆ!

ಐದನೇ ತಿಂಗಳು ಬಚ್ಚಲಿನಲ್ಲಿ ಬಿದ್ದಳು. ಹುಬ್ಬಳ್ಳಿಯ ಆಸ್ಪತ್ರೆಗೆ ತಂದೆವು. ಹಿಮೋಗ್ಲೋಬಿನ್ ಆರು, ಫೆರಿಟಿನ್ ನಾಲ್ಕು.

"ಗುಳಿಗಿ ಚಾಲೂ ಮಾಡೂಕಿಂತ ಮೊದ್ಲ ಎಷ್ಟಿತ್ರಿ?" ಡಾಕ್ಟರಬಾಯಿ ಕೇಳಿದರು.

"ನೋಡಿಲ್ರಿ."

"ಎರಡೂ ನೋಡಬೇಕಿತ್ರಿ. ಫೆರಿಟಿನ್ ಅಂದ್ರ ಮೈಯಾಗ ಕೂಡಿಟ್ಟ ಕಬ್ಬಿಣ. ಅದು ಸರಿ ಇದ್ರ ದಣಿವಿಗೆ ಬ್ಯಾರೆ ಕಾರಣ ಹುಡುಕತಿದ್ವಿ. ಕಡಿಮಿ ಇದ್ರ, ಮುಟ್ಟು ನಿಂತಾಕಿಗೆ ರಕ್ತ ಎಲ್ಲಿ ಸೋರಾಕತ್ತೈತಿ ಅಂತ ಅವತ್ತ ನೋಡತಿದ್ವಿ."

ಬಾಯಿಂದ ನಳಿಕೆ ಇಳಿಸಿ ನೋಡಿದಾಗ ಜಠರದಲ್ಲಿ ಕ್ಯಾನ್ಸರ್. ಸ್ಕ್ಯಾನ್ ಮಾಡಿದರೆ ಯಕೃತ್ತಿಗೂ ಹಬ್ಬಿತ್ತು.

"ಅವಾಗ ಬಂದಿದ್ರ ಉಳೀತಿದ್ಳೇನ್ರಿ?"

"ಹೇಳಾಕ ಬರಂಗಿಲ್ರಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಯಾರೇ ದಣಿವು, ಕೂದಲು ಎಂದು ಬಂದರೂ ಮೊದಲು ರಕ್ತದ ರಿಪೋರ್ಟ್ ತರ್ರಿ ಎಂದು ಜಗಳ ತೆಗೆಯುತ್ತೇನೆ. ಅದರಿಂದ ನನಗೇನೂ ಸಮಾಧಾನವಿಲ್ಲ. ಸತ್ತವಳು ಎದ್ದು ಬರುವುದಿಲ್ಲ.

ಅವಳು ಹೋಗುವುದಕ್ಕೆ ಎರಡು ದಿನ ಮೊದಲು ನಾನು ಎಳನೀರು ತೆಗೆದುಕೊಂಡು ವಾರ್ಡಿನ ಬಾಗಿಲಿಗೆ ಬಂದಿದ್ದೆ. ಅಕ್ಕ ಪಕ್ಕದ ಹಾಸಿಗೆಯ ಹೆಂಗಸಿಗೆ ಏದುಸಿರು ಬಿಡುತ್ತಾ ಹೇಳುತ್ತಿದ್ದಳು: "ನಮ್ಮ ತಮ್ಮಂದ ಔಷಧದ ಅಂಗಡಿ ಐತ್ರೀ. ಇಷ್ಟ ದಿವಸ ನನ್ನ ಕಾಯ್ದಾಂವ ಅವನ."

ನಾನು ಒಳಗೆ ಹೋಗಲಿಲ್ಲ.