ಉತ್ತರದ ಗೋಡೆಯ ಲೆಕ್ಕ

ಮೂಡಿಗೆರೆಯ ಅಂಚೆ ಕಚೇರಿಯಲ್ಲಿ ಕಾತ್ಯಾಯಿನಿ ಕೆಲಸ ಮಾಡಿದ್ದು ಐದು ವರ್ಷ ಎರಡು ತಿಂಗಳು. ಅಷ್ಟೂ ದಿನ ಅವರು ವಾಸವಿದ್ದುದು ಮಲ್ಲಿಕಾರ್ಜುನ ಅವರ ಎರಡಂತಸ್ತಿನ ಕಟ್ಟಡದಲ್ಲಿ, ಕೆಳಗಿನ ಹಿಂಭಾಗದ ಮನೆಯಲ್ಲಿ. ಕಾಫಿಗೆ ಯಾರೂ ಕಂಡು ಕೇಳದ ಬೆಲೆ ಬಂದ ವರ್ಷ ಮಲ್ಲಿಕಾರ್ಜುನ ಅವರು ಗುಡ್ಡದ ಬದಿಯನ್ನು ಕಡಿಸಿ, ಒಂದೇ ಬೇಸಗೆಯಲ್ಲಿ ಆ ಕಟ್ಟಡ ಎಬ್ಬಿಸಿದ್ದರು. ಮನೆಯ ಹಿಂದೆ ಒಂದಾಳು ಓಡಾಡುವಷ್ಟು ಜಾಗ, ಅದರಾಚೆ ಕಡಿದ ಮಣ್ಣಿನ ಗೋಡೆ. ಮಳೆಗಾಲದಲ್ಲಿ ಅದರ ಬುಡದಿಂದ ತೆಳು ನೀರು ಒಸರುತ್ತಿತ್ತು.

೧೯೯೭ರ ಮೇ ತಿಂಗಳಲ್ಲಿ ಮನೆಗೆ ಬಂದ ದಿನ ಕಾತ್ಯಾಯಿನಿ ಪಾತ್ರೆ ಜೋಡಿಸುವ ಮೊದಲು ಒಂದು ಪಟ್ಟಿ ಬರೆದರು. ನಲ್ಲಿ ಎಷ್ಟು, ಯಾವುದು ಸೋರುತ್ತದೆ, ಯಾವ ಕಿಟಕಿಯ ಗಾಜು ಒಡೆದಿದೆ, ಕರೆಂಟ್ ಮೀಟರ್ ಎಷ್ಟು ತೋರಿಸುತ್ತಿದೆ. ಕಾರ್ಬನ್ ಹಾಳೆ ಇಟ್ಟು ಎರಡು ಪ್ರತಿ. ಅದರಲ್ಲಿ ಹದಿಮೂರನೆಯ ಸಾಲು ಹೀಗಿತ್ತು: "ನಡುಕೋಣೆಯ ಉತ್ತರ ಗೋಡೆಯಲ್ಲಿ ಕೂದಲೆಳೆಯ ಬಿರುಕು, ನೆಲದಿಂದ ಮೇಲಕ್ಕೆ ಮೂವತ್ತೆಂಟು ಸೆಂಟಿಮೀಟರ್."

ಮಲ್ಲಿಕಾರ್ಜುನ ಅವರು ನಗುತ್ತಲೇ ಸಹಿ ಹಾಕಿದ್ದರು. "ಹೆಣ್ಣು ನೋಡೋಕೆ ಬಂದವ್ರೂ ಇಷ್ಟು ಪರೀಕ್ಷೆ ಮಾಡೋದಿಲ್ಲ ಮಾರಾಯ್ರೆ." ಹದಿನೈದು ಸಾವಿರ ಅಡ್ವಾನ್ಸ್ ಎಣಿಸಿಕೊಂಡು ರಸೀದಿ ಕೊಟ್ಟರು. ಕರಾರುಪತ್ರ ಹನ್ನೊಂದು ತಿಂಗಳದ್ದು. ಬಿಡುವಾಗ ಒಂದು ತಿಂಗಳ ನೋಟಿಸು, ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಉಳಿದ ಅಡ್ವಾನ್ಸ್ ವಾಪಸು ಎಂದು ಅದರಲ್ಲಿ ಬರೆದಿತ್ತು.

ಪ್ರತಿ ವರ್ಷ ಮಳೆ ನಿಂತು ಹೊಳವಾದಾಗ ಕಾತ್ಯಾಯಿನಿ ಬಿರುಕನ್ನು ಅಳೆದು, ತುದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಹಾಕುತ್ತಿದ್ದರು. ಎರಡನೆಯ ವರ್ಷ ಐವತ್ತೊಂದು. ನಾಲ್ಕನೆಯ ವರ್ಷ ಒಂದು ಮೀಟರ್ ಹತ್ತು. ೨೦೦೧ರಲ್ಲಿ ಒಂದು ಮೀಟರ್ ನಲವತ್ತೆರಡು, ಬಾಯಲ್ಲಿ ಅಂಚೆ ಕಾರ್ಡಿನ ಅಂಚು ಹೊಗುವಷ್ಟು ಅಗಲ. ಮೂರು ಸಲ ಮಾಲೀಕರಿಗೆ ಹೇಳಿದ್ದರು. ಒಮ್ಮೆ ಗಾರೆಯವನು ಬಂದು ಸಿಮೆಂಟು ಮೆತ್ತಿ ಹೋದ. ಮುಂದಿನ ಮಳೆಗೆ ಸಿಮೆಂಟೂ ಸೀಳಿತು. ಮಾವ ಗಣಪಯ್ಯನವರ ಮಂಚ ಆ ಕೋಣೆಯಲ್ಲೇ ಇತ್ತು. ಪೌರೋಹಿತ್ಯ ಬಿಟ್ಟು ಮಂಡಿನೋವಿನಲ್ಲಿ ಕೂತಿದ್ದ ಮುದುಕರು ಒಂದು ಮಧ್ಯಾಹ್ನ ಹೇಳಿದರು: "ಕಾತ್ಯಾಯಿನಿ, ಮಳೆ ಜೋರಾದಾಗ ಗೋಡೆ ಲಟಿಕೆ ಮುರೀತದೆ. ನೀನು ಕೇಳಿದ್ಯಾ?"

ಕಾತ್ಯಾಯಿನಿ ಮಂಚವನ್ನು ಎದುರು ಗೋಡೆಗೆ ಸರಿಸಿದರು.

೨೦೦೨ರ ಜೂನ್ ಕೊನೆಗೆ ಕಳಸಕ್ಕೆ ವರ್ಗವಾಯಿತು. ಕಳಸದಲ್ಲಿ ಮೆಟ್ಟಿಲಿಲ್ಲದ ಮನೆ ಸಿಗುವುದು ಅಪರೂಪ. ಕಚೇರಿಯವರು ಒಂದನ್ನು ಹುಡುಕಿಕೊಟ್ಟರು. ಅದರ ಅಡ್ವಾನ್ಸ್ ಹತ್ತು ಸಾವಿರ, ಆಗಸ್ಟ್ ಒಂದರೊಳಗೆ ಕೊಡಬೇಕು, ಇಲ್ಲದಿದ್ದರೆ ಬೇರೆಯವರಿಗೆ. ಗಣಪಯ್ಯನವರ ಕಣ್ಣಿನ ಆಪರೇಷನ್ನಿಗೆ ಖರ್ಚಾಗಿ ಕೈಯಲ್ಲಿ ಏನೂ ಇರಲಿಲ್ಲ. ಮೂಡಿಗೆರೆಯ ಅಡ್ವಾನ್ಸ್ ಬಂದರೆ ಆ ಮನೆ, ಬರದಿದ್ದರೆ ಇಲ್ಲ.

ಜೂನ್ ಇಪ್ಪತ್ತೊಂಬತ್ತಕ್ಕೇ ನೋಟಿಸು ಬರೆದು, ಸ್ವೀಕೃತಿ ಕಾರ್ಡಿನೊಂದಿಗೆ ರಿಜಿಸ್ಟರ್ ಮಾಡಿದರು. ಜುಲೈ ಮೂವತ್ತೊಂದಕ್ಕೆ ಮನೆ ಬಿಡುತ್ತೇನೆ, ಅಷ್ಟರೊಳಗೆ ಇಬ್ಬರೂ ಸೇರಿ ಮನೆ ನೋಡಿ ಸಹಿ ಮಾಡೋಣ, ಕೀಲಿ ಕೊಡುವಾಗ ಅಡ್ವಾನ್ಸ್ ಕೊಡಬೇಕು ಎಂದು ಅದರಲ್ಲಿತ್ತು. ಸಹಿಯಾದ ಕಾರ್ಡು ಅವರದೇ ಕಚೇರಿಗೆ, ಅವರದೇ ಮೇಜಿಗೆ ಮರಳಿ ಬಂತು.

ಮಲ್ಲಿಕಾರ್ಜುನ ಅವರು ಕೌಂಟರಿಗೇ ಬಂದರು. ಕಾಫಿ ಬೆಲೆ ನೆಲಕಚ್ಚಿದ ಮೇಲೆ ಅವರ ಮುಖ ಇಳಿದಿತ್ತು.

"ಎದುರುಬದುರು ಇರೋರಿಗೆ ರಿಜಿಸ್ಟರ್ ಯಾಕಮ್ಮ? ನಾನೇನು ಓಡಿ ಹೋಗ್ತೇನಾ?"

"ಓಡಿ ಹೋಗ್ತೀರಿ ಅಂತಲ್ಲ. ತಾರೀಕು ಇಬ್ರಿಗೂ ನೆನಪಿರಲಿ ಅಂತ."

"ನೆನಪಿದೆ. ಆದ್ರೆ ಒಂದು ಮಾತು. ಹೊಸಬ್ರು ಬಂದು ಅಡ್ವಾನ್ಸ್ ಕೊಟ್ರೆ ಅದನ್ನೇ ನಿಮ್ಗೆ ದಾಟಿಸ್ತೇನೆ. ನನ್ನ ಹತ್ರ ಈಗ ಮೂಟೆಗಟ್ಲೆ ಕಾಫಿ ಇದೆ, ದುಡ್ಡಿಲ್ಲ. ಹೈಸ್ಕೂಲಿಗೆ ಹೊಸ ಮೇಷ್ಟ್ರು ಬಂದಿದ್ದಾರೆ, ಪ್ರಸಾದ ಅಂತ. ಇಪ್ಪತ್ತೆಂಟರ ಭಾನುವಾರ ನೋಡೋಕೆ ಬರ್ತಾರೆ."

ಹಾಗೆ ಅಡ್ವಾನ್ಸ್ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಊರಲ್ಲಿ ಹೊಸದೇನಲ್ಲ. ಆದರೂ ಆ ದಿನ ಕಾತ್ಯಾಯಿನಿ ಮನಿಯಾರ್ಡರಿನ ಲೆಕ್ಕವನ್ನು ಎರಡು ಸಲ ಕೂಡಬೇಕಾಯಿತು.

ಜುಲೈ ಇಪ್ಪತ್ತೆಂಟು, ಭಾನುವಾರ. ಸಾಮಾನು ಮುಕ್ಕಾಲು ಕಟ್ಟಿತ್ತು. ಮಳೆ ಆರು ದಿನದಿಂದ ನಿಂತಿರಲಿಲ್ಲ. ನಡುಕೋಣೆಯ ಬಾಗಿಲು ಮೂರು ದಿನದಿಂದ ಮುಚ್ಚುತ್ತಿರಲಿಲ್ಲ; ಚಿಲಕ ಅದರ ತೂತಿಗಿಂತ ಬೆರಳಗಲ ಕೆಳಗೆ ಬಂದಿತ್ತು. ಮಲ್ಲಿಕಾರ್ಜುನ ಅವರು ಒದ್ದೆ ಕೊಡೆಯನ್ನು ಜಗಲಿಯಲ್ಲಿ ಬಿಟ್ಟು ಒಳಗೆ ಬಂದರು. ಕಾತ್ಯಾಯಿನಿ ಐದು ವರ್ಷ ಹಿಂದಿನ ಪಟ್ಟಿಯನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಕೋಣೆಯಿಂದ ಕೋಣೆಗೆ ಹೋದರು. ಅಡುಗೆಮನೆಯ ನಲ್ಲಿ ಬದಲಿಸಿದ್ದು ತಾವು, ಚೀಟಿ ಇದೆ. ಬಚ್ಚಲ ಗಾಜು ಮೊದಲೇ ಒಡೆದಿತ್ತು. ಗೋಡೆಗೆ ಹೊಡೆದ ಮೂರು ಮೊಳೆ ಕಿತ್ತಾಗಿದೆ. ಕರೆಂಟ್ ಬಿಲ್ಲು ಕಟ್ಟಿದೆ, ಮೀಟರಿನ ಅಂಕಿ ಬರೆದಿದೆ. ಒಂದಕ್ಕೂ ತಕರಾರು ಬರಲಿಲ್ಲ.

ಹದಿಮೂರನೆಯ ಸಾಲಿಗೆ ಮಲ್ಲಿಕಾರ್ಜುನ ಅವರು ಪೆನ್ನಿನ ಮುಚ್ಚಳ ಹಾಕಿದರು.

"ಒಂದು ಮೀಟರ್ ಎಪ್ಪತ್ತೊಂದು, ಬಾಗಿಲು ಇಳಿದಿದೆ. ಇದೆಲ್ಲ ಯಾಕೆ? 'ಗೋಡೆ ಮಾಮೂಲಾಗಿದೆ' ಅಂತ ಬರೀರಿ, ಸಾಕು. ನಾನೂ ಸುಣ್ಣಬಣ್ಣದ ದುಡ್ಡು ಮುರಿಯೋದಿಲ್ಲ. ಪೂರಾ ಹದಿನೈದು."

"ಬಿರುಕು ನಾವು ಮಾಡಿದ್ದಲ್ಲ ಅನ್ನೋದಕ್ಕೇ ಈ ಸಾಲು ಬೇಕು ನನಗೆ."

"ನೀವು ಮಾಡಿದ್ದು ಅಂತ ಯಾರಂದ್ರು? ನಾನು ಅನ್ನೋದಿಲ್ಲ, ಬೇಕಾದ್ರೆ ಬರೆದು ಕೊಡ್ತೇನೆ. ಇದು ಮಾತ್ರ ಬೇಡ."

ಅಷ್ಟರಲ್ಲಿ ಪ್ರಸಾದ ಬಂದರು, ಹೆಂಡತಿ ಗಾನಶ್ರೀಯನ್ನು ಕೈ ಹಿಡಿದು ಮೆಟ್ಟಿಲಿಳಿಸಿಕೊಂಡು. ಆಕೆಗೆ ಏಳು ತಿಂಗಳು. ಮನೆ ನೋಡಿ ಇಬ್ಬರಿಗೂ ಖುಷಿಯಾಯಿತು. ಗಾನಶ್ರೀ ನಡುಕೋಣೆಯಲ್ಲಿ ನಿಂತು ಮೇಲೆ ನೋಡಿದರು.

"ಇಲ್ಲಿ ಕೊಕ್ಕೆ ಇದೆ ನೋಡ್ರಿ. ತೊಟ್ಟಿಲು ಇಲ್ಲೇ ಕಟ್ಬೌದು."

ಕೊಕ್ಕೆ ಇದ್ದದ್ದು ಉತ್ತರ ಗೋಡೆಗೆ ತಾಗಿದ ತೊಲೆಯಲ್ಲಿ. ಬಿರುಕಿನ ಮೇಲೆ ಮಲ್ಲಿಕಾರ್ಜುನ ಅವರು ಬಂದಕೂಡಲೇ ತಾವೇ ತಂದ ಉದ್ದನೆಯ ಕ್ಯಾಲೆಂಡರ್ ತೂಗುಹಾಕಿದ್ದರು. ಅದು ಅಷ್ಟನ್ನೂ ಮುಚ್ಚಿರಲಿಲ್ಲ. ಕೆಳಗೆ ನಾಲ್ಕು ಗೇಣು ಕಾಣುತ್ತಿತ್ತು, ಬೇರಿನ ಹಾಗೆ.

"ಅಡ್ವಾನ್ಸ್ ತಂದಿದ್ದೇನೆ ಸಾರ್," ಎಂದು ಪ್ರಸಾದ ಅಂಗಿಯ ಒಳಜೇಬು ಮುಟ್ಟಿ ನೋಡಿದರು. "ಹದಿನೈದು. ಇವತ್ತೇ ಮುಗಿಸಿಬಿಡೋಣ್ವಾ?"

ಮಲ್ಲಿಕಾರ್ಜುನ ಅವರು ಕಾತ್ಯಾಯಿನಿಯ ಕಡೆ ನೋಡಿದರು. ಸಿಟ್ಟೇನೂ ಇರಲಿಲ್ಲ ಆ ನೋಟದಲ್ಲಿ. ಆ ದುಡ್ಡು ಮೇಷ್ಟರ ಜೇಬಿನಿಂದ ತಮ್ಮ ಕೈಗೆ, ತಮ್ಮ ಕೈಯಿಂದ ಈಕೆಯ ಕೈಗೆ, ಈಕೆಯಿಂದ ಕಳಸಕ್ಕೆ ಹೋಗಬೇಕಾದದ್ದನ್ನು ಲೆಕ್ಕ ಹಾಕಿ ತೋರಿಸುವಂತಿತ್ತು. ಒಳಗಿನ ಬಾಗಿಲಲ್ಲಿ ಗಣಪಯ್ಯನವರು ಕೋಲು ಊರಿ ನಿಂತಿದ್ದರು.

ಕಾತ್ಯಾಯಿನಿ ಎರಡೂ ಪಟ್ಟಿಗಳನ್ನು ಪ್ರಸಾದರ ಕೈಗೆ ಕೊಟ್ಟರು. "ಹದಿಮೂರನೇ ಸಾಲು ಓದಿ. ಎರಡರಲ್ಲೂ."

ಪ್ರಸಾದ ಓದಿದರು. ಕ್ಯಾಲೆಂಡರನ್ನು ಪಕ್ಕಕ್ಕೆ ಸರಿಸಿ, ಪೆನ್ಸಿಲ್ ಗೆರೆಗಳನ್ನು ಒಂದೊಂದಾಗಿ ಮೇಲಕ್ಕೆ ನೋಡುತ್ತಾ ಹೋದರು. ಹೋದ ವಾರದ ಗೆರೆಗಿಂತ ಬಿರುಕು ಆಗಲೇ ನಾಲ್ಕು ಬೆರಳು ಮೇಲೆ ಹೋಗಿತ್ತು. ಗಾನಶ್ರೀ ಬಿರುಕಿಗೆ ಅಂಗೈ ಒಡ್ಡಿ ನೋಡಿದರು. "ಗಾಳಿ ಬರ್ತಾ ಉಂಟು," ಎಂದರು, ಮೆಲ್ಲಗೆ.

ಗಂಡಹೆಂಡಿರು ಅಡ್ವಾನ್ಸ್ ಕೊಡದೆ ಹೋದ ಮೇಲೆ ಮಲ್ಲಿಕಾರ್ಜುನ ಅವರು ಕ್ಯಾಲೆಂಡರನ್ನು ಮತ್ತೆ ನೇರ ಮಾಡಿದರು.

"ನಿಮ್ಮ ದುಡ್ಡನ್ನ ನೀವೇ ಬಾಗಿಲಾಚೆ ಕಳಿಸಿದ್ರಿ."

"ಹೌದು."

"ಮೂವತ್ತೊಂದಕ್ಕೆ ಕೀಲಿ ಕೊಟ್ಟು ಹೋಗಿ. ದುಡ್ಡು ಆದಾಗ ಕೊಡ್ತೇನೆ. ಇನ್ನೊಬ್ರು ಬರ್ತಾರೆ. ಎಲ್ರೂ ಓದೋದಿಲ್ಲ."

ಕಾತ್ಯಾಯಿನಿ ಮರುದಿನ ಕೋರ್ಟಿನ ಹತ್ತಿರದ ವಕೀಲ ಶಾಂತವೀರಪ್ಪನವರನ್ನು ಕಂಡರು. ಅವರು ಕರಾರುಪತ್ರ ಓದಿ ಹೇಳಿದರು: "ಕೀಲಿ ಕೊಟ್ಟು ಸ್ವೀಕೃತಿ ತಗೊಳ್ಳಿ, ಆಮೇಲೆ ನೋಟಿಸು, ಆಮೇಲೆ ದಾವೆ. ಮೂರು ವರ್ಷ ಟೈಮಿದೆ. ನಿಮ್ಮ ಕಾಗದ ಗಟ್ಟಿ ಇದೆ, ದುಡ್ಡು ಬಂದೇ ಬರ್ತದೆ, ನಿಧಾನವಾಗಿ. ಕೀಲಿ ಇಟ್ಕೊಂಡ್ರೆ ಮನೆ ಇನ್ನೂ ನಿಮ್ಮ ವಶದಲ್ಲಿದೆ ಅಂತಾರೆ. ತಿಂಗಳ ಬಾಡಿಗೆ ಸಾವಿರದ ಮುನ್ನೂರು ಅಡ್ವಾನ್ಸಿನಲ್ಲಿ ಕರಗ್ತಾ ಹೋಗ್ತದೆ."

"ಮನೆ ಖಾಲಿ ಇರ್ತದೆ, ಅಲ್ವಾ?"

"ಖಾಲಿ ಇರ್ತದೆ. ಅದ್ರಿಂದ ನಿಮ್ಗೇನು ಲಾಭ?"

ಕಾತ್ಯಾಯಿನಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮಳೆ ಇನ್ನು ಮೂರು ತಿಂಗಳು. ಮೂರು ಸಾವಿರದ ಒಂಬೈನೂರು.

ಕಳಸದ ಮೆಟ್ಟಿಲಿಲ್ಲದ ಮನೆ ಬೇರೆಯವರಿಗೆ ಹೋಯಿತು. ಸಿಕ್ಕಿದ್ದು ಮೂವತ್ತೆರಡು ಮೆಟ್ಟಿಲ ಮೇಲಿನ ಎರಡು ಕೋಣೆ, ಅಡ್ವಾನ್ಸ್ ಕೇಳಲಿಲ್ಲ. ಗಣಪಯ್ಯನವರನ್ನು ಇಬ್ಬರು ಕುರ್ಚಿಯಲ್ಲಿ ಕೂರಿಸಿ ಹೊತ್ತರು. "ಇನ್ನು ಇಳಿಯೋದು ಒಂದೇ ಸಲ," ಎಂದು ಅವರು ನಕ್ಕರು. ಹೊತ್ತವರೂ ನಕ್ಕರು. ಕಾತ್ಯಾಯಿನಿಗೆ ನಗಲಾಗಲಿಲ್ಲ. ಮೂಡಿಗೆರೆಯ ಕೀಲಿ ಅವರ ಚೀಲದ ಸಣ್ಣ ಜೇಬಿನಲ್ಲಿತ್ತು. ಮಲ್ಲಿಕಾರ್ಜುನ ಅವರ ಎರಡು ಪತ್ರ ಬಂದವು. ಮೊದಲನೆಯದರಲ್ಲಿ ಬೀಗ ಒಡೆಸುತ್ತೇನೆ ಎಂದಿತ್ತು. ಎರಡನೆಯದರಲ್ಲಿ ಹಾಗೇನೂ ಇರಲಿಲ್ಲ. ಯಾವಾಗ ಬರುತ್ತೀರಿ ಎಂದಷ್ಟೇ ಇತ್ತು. ಎರಡನೆಯದನ್ನು ಓದಿದ ಮೇಲೆ, ಗೋಡೆಗೇನಾಗಿದೆಯೋ ಎಂದು ಅವರಿಗೆ ಹೆಚ್ಚು ಭಯವಾಯಿತು.

ಸೆಪ್ಟೆಂಬರ್ ಕೊನೆಗೆ ಮತ್ತೆ ನೋಟಿಸು ಕಳಿಸಿದರು. ಅಕ್ಟೋಬರ್ ಬಾಡಿಗೆಯವರೆಗೆ ಮುರಿದು, ಸುಣ್ಣಬಣ್ಣಕ್ಕೆ ಒಂದು ತಿಂಗಳದ್ದೂ ಕಳೆದು, ಒಂಬತ್ತು ಸಾವಿರದ ಎಂಟುನೂರು ಕೊಡಬೇಕು ಎಂದು. ಅಕ್ಟೋಬರ್ ಇಪ್ಪತ್ತೇಳರ ಭಾನುವಾರ ಮೊದಲ ಬಸ್ಸಿಗೆ ಹೊರಟು ಕೊಟ್ಟಿಗೆಹಾರದ ಮೇಲೆ ಮೂಡಿಗೆರೆಗೆ ಬಂದಿಳಿದರು. ಮಲ್ಲಿಕಾರ್ಜುನ ಅವರು ಜಗಲಿಯಲ್ಲಿ ಒಬ್ಬರೇ ಕಾಯುತ್ತಿದ್ದರು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಏಕಾಂತಪ್ಪನ ಸಂಸಾರ ಇನ್ನೂ ಅಲ್ಲೇ ಇತ್ತು. ಮಿಕ್ಸಿಯ ಸದ್ದು ಕೇಳುತ್ತಿತ್ತು.

ಬೀಗ ತೆರೆಯಿತು, ಬಾಗಿಲು ತೆರೆಯಲಿಲ್ಲ. ಇಬ್ಬರೂ ಹೆಗಲು ಕೊಟ್ಟು ನೂಕಿದರು. ನಡುಕೋಣೆಯಲ್ಲಿ ದೀಪ ಹಾಕಬೇಕಾಗಲಿಲ್ಲ. ಉತ್ತರ ಗೋಡೆ ನೆಲದಿಂದ ಸೂರಿನವರೆಗೆ ಸೀಳಿತ್ತು. ಸೀಳಿನಲ್ಲಿ ಕಡಿದ ಗುಡ್ಡದ ಕೆಂಪು ಮಣ್ಣು ಕಾಣುತ್ತಿತ್ತು, ಮೊದಲಿಗಿಂತ ಹತ್ತಿರದಲ್ಲಿ. ತೊಲೆ ಜಗ್ಗಿತ್ತು. ತೊಲೆಯ ಕೆಳಗೆ ನೆಲದ ಮೇಲೆ ಒಂದು ಬುಟ್ಟಿಯಷ್ಟು ಇಟ್ಟಿಗೆ ಬಿದ್ದಿತ್ತು.

ಮಲ್ಲಿಕಾರ್ಜುನ ಅವರು ಇಟ್ಟಿಗೆಗಳನ್ನು ನೋಡಿದರು, ಮೇಲೆ ಕೊಕ್ಕೆಯನ್ನು ನೋಡಿದರು. ಮೆಣಸು ಮಾರಿದ ದುಡ್ಡನ್ನು ಜೇಬಿನಿಂದ ತೆಗೆದು ಎಣಿಸಿಕೊಟ್ಟರು. ಸುಣ್ಣಬಣ್ಣದ ಸಾವಿರದ ಮುನ್ನೂರನ್ನು ಮುರಿದಿರಲಿಲ್ಲ. ಕಾತ್ಯಾಯಿನಿ ಅದನ್ನು ಬೇರೆ ಎಣಿಸಿ ಮರಳಿಸಿದರು. "ಕರಾರಿನಲ್ಲಿದೆ," ಎಂದರು.

ಪಟ್ಟಿಯ ಹದಿಮೂರನೆಯ ಸಾಲನ್ನು ಹೊಸದಾಗಿ ಬರೆದರು. ಮಲ್ಲಿಕಾರ್ಜುನ ಅವರು ಓದಿ, ಎರಡೂ ಪ್ರತಿಗೆ ಸಹಿ ಹಾಕಿ, ಕೀಲಿ ಸಂದಿದೆ ಎಂದು ತಾವೇ ಸೇರಿಸಿದರು. ಬರೆಯುತ್ತಿದ್ದಂತೆ ಮೇಲೆ ಮತ್ತೆ ಮಿಕ್ಸಿ ತಿರುಗಿತು. ಕಾಗದದ ಮೇಲೆ ಸಣ್ಣಗೆ ಗಾರೆ ಉದುರಿತು.

"ಅವ್ರಿಗೂ ಅಡ್ವಾನ್ಸ್ ವಾಪಸ್ ಕೊಡ್ಬೇಕು ನಾನು," ಎಂದರು ಮಲ್ಲಿಕಾರ್ಜುನ, ಮೇಲೆ ನೋಡದೆ. "ಎಲ್ಲಿಂದ ತರ್ಲಿ?"

ಕಾತ್ಯಾಯಿನಿ ತಮ್ಮ ಪ್ರತಿಯನ್ನು ಚೀಲಕ್ಕೆ ಹಾಕಲಿಲ್ಲ. ಅದನ್ನು ಕೈಯಲ್ಲೇ ಹಿಡಿದು ಹೊರಗೆ ಬಂದು, ಏಕಾಂತಪ್ಪನ ಮನೆಯ ಮೆಟ್ಟಿಲು ಹತ್ತತೊಡಗಿದರು.