ಅರವತ್ತು ಗುಂಡಿನ ಸರ

ಎದುರಿನ ಹಿಟ್ಟಿನ ಗಿರಣಿಯ ಬೆಲ್ಟು ಟಪ್ ಟಪ್ ಎಂದು ಬಡಿಯತೊಡಗಿದರೆ ಒಂಬತ್ತು ಗಂಟೆ. ಅದರ ಹಿಂದೆಯೇ ಮಷಿನಕ್ಕನ ಹೊಲಿಗೆ ಯಂತ್ರವೂ ಎದ್ದು ಕೂರುತ್ತಿತ್ತು. ಅದಕ್ಕೂ ಮೊದಲು ಅವಳಿಗೊಂದು ಕೆಲಸವಿತ್ತು. ಪತ್ರಿಕೆಯ ಮೂಲೆಯಲ್ಲಿನ ಚಿನ್ನದ ರೇಟು ನೋಡಿ, ನಿನ್ನೆಯದನ್ನು ಅಂಗೈಯಿಂದ ಒರೆಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಇಂದಿನದನ್ನು ಗೋಡೆಗೆ ಬರೆಯುವುದು. ಬಂದವರು ಅದು ಯಾರದೋ ಅಳತೆ ಎಂದುಕೊಳ್ಳುತ್ತಿದ್ದರು.

ಒಂದು ಲಕ್ಷದ ಆ ಯಂತ್ರ ಕಂತಿನಲ್ಲಿ ಬಂತೆಂದು ಬೀದಿಗೆಲ್ಲ ಗೊತ್ತು. ನಿಜವಾಗಿ ಅದು ಅತ್ತೆಯ ಸರ. ಕುತ್ತಿಗೆ ನೋಯುತ್ತದೆಂದು ಅತ್ತೆ ಬಿಚ್ಚಿ, ಬೀರುವಿನಲ್ಲಿಡಲು ಕೊಟ್ಟ ಇಪ್ಪತ್ತು ಗ್ರಾಮಿನ ಗುಂಡಿನ ಸರ. ನಾಲ್ಕು ವರ್ಷದ ಹಿಂದೆ ಅವಳು ಯಾರಿಗೂ ಹೇಳದೆ ಅದನ್ನು ಮಾರಿದ್ದಳು. ಗಂಡನಿಗೂ ಹೇಳಲಿಲ್ಲ. ಹಳೇ ಚಿನ್ನ ಕೊಳ್ಳುವವನು ಗ್ರಾಮಿಗೆ ಐದು ಸಾವಿರದಂತೆ ಒಂದು ಲಕ್ಷ ಎಣಿಸಿಕೊಟ್ಟ. ಮಾಡಿಸಿದ ಕೂಲಿ, ಕಟ್ಟಿದ ತೆರಿಗೆ ಎರಡೂ ಮಾರುವಾಗ ವಾಪಸು ಬರುವುದಿಲ್ಲ ಎಂದು ನಕ್ಕಿದ್ದ.

ಅಂಥದ್ದೇ ಸರ ತಂದಿಟ್ಟುಬಿಟ್ಟರೆ ಆಯಿತು ಎಂದುಕೊಂಡು ಹೊಲಿದಳು. ಅವಳು ಉಳಿಸಿದಷ್ಟೂ ಗೋಡೆಯ ಮೇಲಿನ ಅಂಕಿ ಮುಂದೆ ಓಡುತ್ತಿತ್ತು. ಈಗ ಭಾನುವಾರ ನಾದಿನಿ ಬರುತ್ತಾಳೆ. ಸರ ಮಗಳಿಗೇ ಸೇರಬೇಕೆಂದು ಅತ್ತೆ ಹೇಳಿಯಾಗಿದೆ. ಶನಿವಾರ ಬೆಳಿಗ್ಗೆ ರೇಟು ಒಂಬತ್ತು ಸಾವಿರ. ಇಪ್ಪತ್ತು ಗ್ರಾಮಿಗೆ ಒಂದು ಲಕ್ಷದ ಎಂಬತ್ತು ಸಾವಿರ. ಕೂಲಿ ನೂರಕ್ಕೆ ಐದು, ಒಂಬತ್ತು ಸಾವಿರ. ಒಟ್ಟಿನ ಮೇಲೆ ನೂರಕ್ಕೆ ಮೂರು ತೆರಿಗೆ. ಎಲ್ಲ ಸೇರಿ ಒಂದು ಲಕ್ಷದ ತೊಂಬತ್ನಾಲ್ಕು ಸಾವಿರದ ಆರುನೂರ ಎಪ್ಪತ್ತು. ಡಬ್ಬಿಯಲ್ಲಿದ್ದದ್ದು ಒಂದು ಲಕ್ಷದ ತೊಂಬತ್ತೈದು ಸಾವಿರ. ಬಸ್ಸಿಗೂ ಉಳಿಯುತ್ತದೆ ಎಂದುಕೊಂಡು ಹೊರಟಳು.

ಅಂಗಡಿಯವನು ಅವಳು ಬಯಸಿದ್ದಂಥದ್ದನ್ನೇ ತೆಗೆದ. ಅರವತ್ತು ಗುಂಡು, ಸರಿಯಾಗಿ ಇಪ್ಪತ್ತು ಗ್ರಾಮು. ಲೆಕ್ಕಯಂತ್ರ ಒತ್ತಿ ಅವಳ ಕಡೆ ತಿರುಗಿಸಿದ. ಎರಡು ಲಕ್ಷದ ಏಳು ಸಾವಿರದ ಆರುನೂರ ನಲವತ್ತೆಂಟು.

ತಪ್ಪು ಒತ್ತಿದ್ದೀರಿ ಎಂದಳು. ಅವನು ಬಿಡಿಸಿ ಹೇಳಿದ. ಕೂಲಿ ಐದು ಇರುವುದು ಯಂತ್ರದಲ್ಲಿ ಹೆಣೆದ ಸಾದಾ ಚೈನಿಗೆ. ಇದು ಕೈಯಲ್ಲಿ ಮಾಡಿದ ಗುಂಡು, ಇದಕ್ಕೆ ಹನ್ನೆರಡು. ಅಲ್ಲಿಗೆ ಇಪ್ಪತ್ತೊಂದು ಸಾವಿರದ ಆರುನೂರು. ಕೂಲಿ ಏರಿದರೆ ಅದರ ಮೇಲಿನ ತೆರಿಗೆಯೂ ಏರುತ್ತದೆ.

“ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಅಣ್ಣ.”

“ಅಕ್ಕ, ನೀವೇನು ಕೆಲಸ ಮಾಡ್ತೀರ?”

“ಹೊಲೀತೀನಿ.”

“ಕೈಕಸೂತಿಗೂ ಮಷಿನ್ ಹೊಲಿಗೆಗೂ ಒಂದೇ ರೇಟು ತಗೋತೀರಾ?”

ನಿನ್ನೆಯಷ್ಟೇ ಒಬ್ಬಳಿಗೆ ಅವಳೇ ಈ ಮಾತು ಹೇಳಿ ಕಳಿಸಿದ್ದಳು.

ಅವನಿಗೂ ಕರುಣೆ ಬಂದಿರಬೇಕು, ಕೈಯಲ್ಲೆಷ್ಟಿದೆ ಎಂದು ಕೇಳಿದ. ಒಂದು ಗುಂಡು ಕಾಲು ಗ್ರಾಮು, ಉಳಿದದ್ದು ತಂತಿ, ಕೊಂಡಿಯ ತೂಕ. ಐದು ತೆಗೆಸಿದರೆ ಹದಿನೆಂಟೂ ಮುಕ್ಕಾಲು ಗ್ರಾಮಾಗುತ್ತದೆ ಎಂದು ಮತ್ತೆ ಒತ್ತಿದ. ಚಿನ್ನ ಒಂದು ಲಕ್ಷದ ಅರವತ್ತೆಂಟು ಸಾವಿರದ ಏಳುನೂರ ಐವತ್ತು, ಕೂಲಿ ಇಪ್ಪತ್ತು ಸಾವಿರದ ಇನ್ನೂರ ಐವತ್ತು, ತೆರಿಗೆ ಐದು ಸಾವಿರದ ಆರುನೂರ ಎಪ್ಪತ್ತು. ಒಟ್ಟು ಬಂದದ್ದು ಅವಳು ಬೆಳಿಗ್ಗೆ ಲೆಕ್ಕ ಹಾಕಿ ಬಂದಿದ್ದ ಅದೇ ಮೊತ್ತ, ಒಂದು ಪೈಸೆ ಆಚೀಚೆ ಇಲ್ಲ. ಒಳಗಿನ ಕೋಣೆಯಲ್ಲಿ ಅಕ್ಕಸಾಲಿಗ ಇಕ್ಕಳ ಹಿಡಿದು ಐದು ಗುಂಡು ಬಿಚ್ಚಿ ಕೊಂಡಿ ಕೂಡಿಸುವವರೆಗೆ ಅವಳು ತನ್ನ ಬೆರಳುಗಳನ್ನೇ ನೋಡುತ್ತ ಕೂತಳು. ಸರವನ್ನು ಮತ್ತೆ ತೂಗಿ ತೋರಿಸಿದರು. ಐದು ಗುಂಡು ಯಾರ ಕಣ್ಣಿಗೆ ಕಾಣುತ್ತದೆ?

ಅತ್ತೆಯ ಕಣ್ಣಿಗೆ ಪೊರೆ ಬಂದು ಎರಡು ವರ್ಷ. ಆದರೆ ಸಂಜೆ ಮಂಚದ ಮೇಲೆ ಸರವನ್ನು ಕೈಗಿತ್ತಾಗ ಮುದುಕಿ ಅದನ್ನು ನೋಡಲೇ ಇಲ್ಲ. ಹೆಬ್ಬೆರಳಿಂದ ಒಂದೊಂದೇ ಗುಂಡನ್ನು ದಾಟಿಸತೊಡಗಿದಳು. ಕತ್ತಿನಲ್ಲಿದ್ದಾಗಲೂ ಹೀಗೇ, ಬೇಸರವಾದಾಗಲೆಲ್ಲ ಎಣಿಸುತ್ತಿದ್ದದ್ದು ಸೊಸೆಗೆ ಈಗ ನೆನಪಾಯಿತು. ತುಟಿ ಅಲುಗುತ್ತಿತ್ತು. ಐವತ್ತೈದಕ್ಕೆ ಕೊಂಡಿ ಸಿಕ್ಕಿತು. ಮುದುಕಿ ಮೊದಲಿಂದ ಶುರುಮಾಡಿದಳು.

“ಬೀರುವಿನಲ್ಲಿ ಇಲಿಯೇನಾದ್ರೂ ಚಿನ್ನ ತಿನ್ನುತ್ತೇನೇ?” ಎಂದಳು. ಸೊಸೆ ನಗಲಿಲ್ಲ.

“ಐದು ಗುಂಡು ಎಲ್ಲಿ ಹೋದ್ವು?”

ಸವೆದು ಬಿದ್ದವು ಎನ್ನಬಹುದಿತ್ತು. ಆ ಮಾತು ಬಸ್ಸಿನಲ್ಲೇ ಸಿದ್ಧವಾಗಿತ್ತು. ಐದು ಗುಂಡಿಗೆ ಅಷ್ಟು ಸುಳ್ಳು ಸಾಕಿತ್ತು. ಅತ್ತೆಯ ಹೆಬ್ಬೆರಳು ಇನ್ನೂ ಕೊಂಡಿಯ ಮೇಲೇ ಇತ್ತು. ಎದುರಿನ ಗಿರಣಿ ನಿಂತಿತು. ಇದ್ದಕ್ಕಿದ್ದಂತೆ ಮನೆಯೆಲ್ಲ ಕಿವಿಯಾಯಿತು.

“ಐದಲ್ಲ ಅತ್ತೆ,” ಎಂದು ಅವಳು ಎದ್ದಳು, “ಅರವತ್ತೂ ನಾನು ಮಾರಿದೆ,” ಎನ್ನುತ್ತ ಅತ್ತೆಯ ಕೈ ಹಿಡಿದು ಯಂತ್ರದ ಕೋಣೆಯ ಕಡೆ ನಡೆದಳು.