ಯಜಮಾನರ ಕೈಗೆ ಕೊಟ್ಟೆವು ಎಂದ ಹಣ

ನನ್ನವರು ತೀರಿಕೊಂಡ ಎರಡನೇ ತಿಂಗಳು ಗುಬ್ಬಿಯ ಖಾಸಗಿ ಶಾಲೆಯೊಂದಕ್ಕೆ ಫೋನ್ ಮಾಡಿದೆ. ಮರಳೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿದ ಯೂನಿಫಾರಂಗಳನ್ನು ಅವರೇ ಅಲ್ಲಿಗೆ ತಲುಪಿಸಿ ಬಂದಿದ್ದರು. ಬಿಲ್ಲಿನ ಹಣ ಬಂದಿರಲಿಲ್ಲ.

"ಯಜಮಾನ್ರ ಕೈಗೇ ಕ್ಯಾಷ್ ಕೊಟ್ಟಿದ್ವಲ್ಲಮ್ಮ," ಅಂದ ಶಾಲೆಯ ಅಕೌಂಟೆಂಟ್. "ನಿಮ್ಗೆ ಹೇಳ್ಲಿಲ್ವಾ?"

ಸತ್ತವರು ಬಂದು ಇಲ್ಲ ಅನ್ನುವುದಿಲ್ಲವಲ್ಲ, ಆ ಧೈರ್ಯ ಎಂದುಕೊಂಡೆ. ಆದರೂ ಮಧ್ಯಾಹ್ನ ಬೀರು ತೆಗೆದು ಅವರ ಪ್ಯಾಂಟುಗಳ ಜೇಬನ್ನೆಲ್ಲ ತಡಕಿದೆ. ಒಂದು ಬಸ್ ಟಿಕೆಟ್ ಸಿಕ್ಕಿತು. ನನಗೆ ಹೇಳದೆ ಹಣ ತೆಗೆದುಕೊಂಡಿದ್ದರೇ? ಯಾರಿಗೆ ಕೊಟ್ಟರು? ಅವರ ಫೋಟೋದ ಮುಂದೆ ದೀಪ ಹಚ್ಚುವಾಗಲೂ ಅದೇ ಯೋಚನೆ.

ಭಾನುವಾರ ಕುಣಿಗಲ್‌ನಿಂದ ನಾದಿನಿ ಬಂದಳು. ಅಲ್ಲಿ ಅಕ್ಕಿ ಗಿರಣಿಯ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾಳೆ. ಶಾಲೆಗೆ ಕಳುಹಿಸಲೆಂದು ನಾನು ಬರೆದಿಟ್ಟಿದ್ದ ಪತ್ರವನ್ನು ಅವಳಿಗೆ ಓದಲು ಕೊಟ್ಟೆ. ಅವರು ಬದುಕಿದ್ದರೆ ಈ ಮಾತು ಆಡುತ್ತಿದ್ದಿರಾ ಎಂದು ಶುರುವಾಗಿ, ನಿಮಗೆ ಒಳ್ಳೆಯದಾಗುವುದಿಲ್ಲ ಎಂದು ಮುಗಿದಿತ್ತು.

"ಇಂಥವು ನಮ್ಮ ಆಫೀಸ್ಗೂ ಬರ್ತವೆ ಅತ್ತಿಗೆ. ಟೀ ಕುಡೀತಾ ಓದಿ ನಗ್ತೀವಿ ಅಷ್ಟೆ, ಮೇಲಕ್ಕೆ ಕಳ್ಸಲ್ಲ."

"ನಿಮ್ಮಣ್ಣನ ಹೆಸರಿಗೆ ಮಸಿ ಬಳೀತಾವ್ರೆ ಕಣೇ."

"ಅದ್ಕೇ ಹೇಳ್ತಿರೋದು. ಅವ್ರು ಜವಾಬು ಕೊಡ್ಲೇಬೇಕಾದ್ದು ಮಾತ್ರ ಇರ್ಲಿ."

ಪೆನ್ನು ಎತ್ತಿಕೊಂಡು ಒಂದೊಂದೇ ಸಾಲು ಹೊಡೆದುಹಾಕಿದಳು. ಮಧ್ಯೆ ನಾನು ಬರೆದಿದ್ದ 'ದಯಮಾಡಿ ಕನಿಕರಿಸಿ' ಎಂಬುದನ್ನೂ ಬಿಡಲಿಲ್ಲ. "ಇದ್ಯಾಕೆ? ನಾವೇನು ಬೇಡ್ತಿದೀವಾ?"

ಕೊನೆಗೆ ಉಳಿದದ್ದು ಇಷ್ಟು: ಬಿಲ್ ನಂಬರ್, ಮೊತ್ತ, ಬಟ್ಟೆ ತಲುಪಿದ್ದಕ್ಕೆ ಶಾಲೆಯವರ ಸಹಿ ಇರುವ ಚೀಟಿಯ ನಕಲು. ಹಣ ಕೊಟ್ಟಿದ್ದರೆ ಯಜಮಾನರ ಸಹಿಯ ವೋಚರ್ ಕಳುಹಿಸಿ. ಇಲ್ಲದಿದ್ದರೆ ಹದಿನೈದನೇ ತಾರೀಕಿನೊಳಗೆ ಪಾವತಿಸಿ. ಮುಂದಿನ ವರ್ಷದ ಯೂನಿಫಾರಂ ಅಳತೆಗೆ ನಾವು ಬರುವುದು ಹಣ ಬಂದ ಮೇಲೆ. ಪ್ರಿನ್ಸಿಪಾಲರಿಗೂ ಒಂದು ಪ್ರತಿ.

"ವೋಚರ್ ಇದ್ದುಬಿಟ್ರೆ?" ಅಂದೆ.

ಅವಳು ನನ್ನ ಮುಖ ನೋಡಿದಳು. "ಇದ್ರೆ ನೋಡೋಣ," ಅಂದಳು ಮೆಲ್ಲಗೆ.

ಪತ್ರ ಕಳುಹಿಸಿದ ಮೂರನೇ ದಿನ ಮೊಬೈಲಿಗೆ ವೋಚರಿನ ಫೋಟೋ ಬಂತು. ಕೆಳಗೆ ಅವರದೇ ಸಹಿ. ಬಿಲ್ ನಂಬರ್ ಹೊಂದಿಸಿ ನೋಡುವುದಕ್ಕೂ ಸ್ವಲ್ಪ ಹೊತ್ತು ಬೇಕಾಯಿತು. ವೋಚರಿನಲ್ಲಿದ್ದದ್ದು ಹಿಂದಿನ ವರ್ಷದ ಬಿಲ್ಲಿನ ನಂಬರ್. ಆ ಹಣ ಬಂದದ್ದು ನನಗೆ ಗೊತ್ತಿತ್ತು. ಅದರಲ್ಲೇ ಎರಡನೇ ಮೆಷಿನ್ ಕೊಂಡಿದ್ದೆವು. ಇದು ಹಿಂದಿನ ವರ್ಷದ ಬಿಲ್ಲಿನದು ಎಂದಷ್ಟೇ ಬರೆದು ಕಳುಹಿಸಿದೆ.

ಸಂಜೆ ಅಕೌಂಟೆಂಟೇ ಫೋನ್ ಮಾಡಿದ. "ಹಳೇದನ್ನ ಇದು ಅನ್ಕೊಂಡಿದ್ದೆ ಕಣಮ್ಮ. ಮಿಸ್ಟೇಕ್ ಆಯ್ತು."

ನಿಜವಾಗಿ ಹಾಗೆಂದುಕೊಂಡಿದ್ದನೋ, ಇವಳೆಲ್ಲಿ ವೋಚರ್ ಕೇಳುತ್ತಾಳೆ ಎಂದುಕೊಂಡಿದ್ದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹದಿನಾಲ್ಕಕ್ಕೆ ಹಣ ಬಂತು.

ಅವತ್ತು ಬೀರು ತೆಗೆದೆ. ನಾನು ಹೊರಗೆಳೆದಿದ್ದ ಜೇಬುಗಳು ಹಾಗೇ ಜೋತುಬಿದ್ದಿದ್ದವು. ಒಂದೊಂದನ್ನೇ ಒಳಗೆ ತಳ್ಳಿ, ಪ್ಯಾಂಟುಗಳನ್ನು ಮಡಿಸಿಟ್ಟೆ.